ಶಾಕ್ ಎಂದರೆ ಯಾವ ಶಾಕ್?

ನಮ್ಮ ಕಡೆ ಶಾಕ್ ಎಂಬ ಮಾತಿಗೆ ಮೂರು ಕ್ರಿಯಾಪದಗಳಿವೆ. ಒದ್ದೆ ಕೈಯಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ಮುಟ್ಟಿದವನಿಗೆ ಶಾಕ್ 'ಹೊಡೆಯುತ್ತದೆ'. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಳಗಿನ ಹರಾಜಿನ ರೇಟು ಕೇಳಿದ ರೈತನಿಗೆ ಶಾಕ್ 'ಆಗುತ್ತದೆ'. ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ಡಾಕ್ಟರು ಹೊರಗೆ ಬಂದು ಪೇಷೆಂಟ್ ಶಾಕ್‌ಗೆ 'ಹೋಗಿದ್ದಾರೆ' ಎನ್ನುತ್ತಾರೆ. ಮೊದಲನೆಯದು ಕರೆಂಟಿನದು, ಎರಡನೆಯದು ಮನಸ್ಸಿನದು. ಮೂರನೆಯದು ರಕ್ತ ಸಂಚಾರದ್ದು, ನಾಯಿಗಳಿಗೆ ಚಿಕಿತ್ಸೆ ಮಾಡುವ ನನ್ನಂಥವನ ಕೆಲಸವೆಲ್ಲ ಆ ಮೂರನೆಯದರ ಜೊತೆಗೇ.

ಚನ್ನಪಟ್ಟಣದ ಊರೊಳಗಿನ ಹಳೇ ಮೈಸೂರು ರಸ್ತೆಯಲ್ಲಿ ನಾಯಿಗೆ ಕಾರು ತಗುಲಿದಾಗ ಮನೆಯವರು ಸಾಮಾನ್ಯವಾಗಿ ಹೇಳುವ ಮಾತು, 'ಶಾಕ್ ಆಗೈತೆ ಅಷ್ಟೇ ಡಾಕ್ಟ್ರೇ, ಏಟೇನೂ ಬಿದ್ದಿಲ್ಲ, ಎದ್ದು ನಡ್ಕೊಂಡೇ ಬಂತು.' ಇಲ್ಲಿ 'ಆಗೈತೆ' ಎಂದರೆ ಗಾಬರಿ ಬಿದ್ದಿದೆ, ಸ್ವಲ್ಪ ಹೊತ್ತು ಮಲಗಿದರೆ ಸರಿಹೋಗುತ್ತದೆ ಎಂದರ್ಥ. ನಾಯಿ ಶಾಕ್‌ಗೆ ಹೋಗುತ್ತಿದ್ದರೆ ಆ ಮಲಗುವ ಹೊತ್ತೇ ಕೈತಪ್ಪಿದ ಹೊತ್ತು. ಗದ್ದಲವಿಲ್ಲದೆ, ನೋವನ್ನೂ ತೋರಿಸದೆ ಸುಮ್ಮನೆ ಮೂಲೆ ಹಿಡಿದ ನಾಯಿಯನ್ನು 'ಸಮಾಧಾನವಾಯಿತು' ಎಂದುಕೊಳ್ಳುತ್ತಾರೆ. ಮಿದುಳಿಗೆ ರಕ್ತ ಸಾಲದೆ ಮಂಕಾದ ನಾಯಿಯೂ ಹಾಗೇ ಕಾಣುತ್ತದೆ.

ಈ ಪದ ವೈದ್ಯಕ್ಕೆ ಬಂದದ್ದು ರಣರಂಗದ ಕಡೆಯಿಂದ. ಎರಡು ಸೈನ್ಯಗಳು ಎದುರುಬದುರು ಅಪ್ಪಳಿಸುವುದಕ್ಕೆ ಇದ್ದ ಮಾತನ್ನು ಗುಂಡೇಟು ತಿಂದ ಸಿಪಾಯಿಯ ಕುಸಿತಕ್ಕೆ ಹಚ್ಚಿದರು. ಫ್ರೆಂಚ್ ಶಸ್ತ್ರವೈದ್ಯ ಲೆ ಡ್ರಾನ್ ಗುಂಡೇಟಿನ ಗಾಯಗಳ ಬಗ್ಗೆ ಬರೆದ ಪುಸ್ತಕ 1743ರಲ್ಲಿ ಇಂಗ್ಲಿಷಿಗೆ ಬಂದಾಗ ಈ ಪದ ಹೊಕ್ಕಿತು ಎಂದು ವೈದ್ಯರ ಚರಿತ್ರೆಗಳು ಹೇಳುತ್ತವೆ. ಕನ್ನಡದ ಪಠ್ಯಗಳು 'ಆಘಾತ' ಎಂದವು, ಅದರಲ್ಲೂ ಉಳಿದದ್ದು ಏಟೇ. ಏಟಿನಿಂದ ನರಮಂಡಲ ಅದುರಿ ಪ್ರಾಣ ಹೋಗುತ್ತದೆಂದು ಬಹುಕಾಲ ನಂಬಿದ್ದರು. 1930ರ ದಶಕದಲ್ಲಿ ಅಮೆರಿಕದ ಆಲ್‌ಫ್ರೆಡ್ ಬ್ಲಾಲಕ್, ತನ್ನ ಪ್ರಯೋಗಾಲಯದ ಸಹಾಯಕ ವಿವಿಯನ್ ಥಾಮಸ್ ಜೊತೆ ಸೇರಿ, ಜಜ್ಜಿದ ಭಾಗಕ್ಕೆ ಸೋರಿಹೋಗುವ ರಕ್ತ ಮತ್ತು ದ್ರವವೇ ಕುಸಿತಕ್ಕೆ ಸಾಕಾಗುವಷ್ಟಿರುತ್ತದೆ ಎಂದು ತೋರಿಸಿದ. ಶಾಕ್ ಒಂದಲ್ಲ, ಕಾರಣಕ್ಕೆ ತಕ್ಕಂತೆ ಹಲವು ಎಂದು ವಿಂಗಡಿಸಿದ್ದೂ ಅವನೇ. ಆ ಪ್ರಯೋಗಗಳೆಲ್ಲ ನಡೆದದ್ದು ನಾಯಿಗಳ ಮೇಲೆ. ಮನುಷ್ಯರ ಐಸಿಯುಗಳಲ್ಲಿ ಇವತ್ತು ಬಳಕೆಯಲ್ಲಿರುವ ತಿಳಿವಳಿಕೆಗೆ ನಾಯಿಗಳು ತೆತ್ತದ್ದು ದೊಡ್ಡದು. ನಾಯಿಯ ವಸಡು ನೋಡುವಾಗ ನನಗೆ ಅದು ನೆನಪಾಗುತ್ತದೆ.

ಮಾಗಡಿ ಕಡೆಯ ರೇಷ್ಮೆ ಸೊಪ್ಪಿನ ತೋಟದಲ್ಲಿ ಹನಿ ನೀರಾವರಿ ಕೊನೆಯ ಸಾಲಿಗೆ ಮುಟ್ಟದಿದ್ದರೆ ರೈತ ಮೂರು ಕಡೆ ನೋಡುತ್ತಾನೆ: ತೊಟ್ಟಿ ಬರಿದಾಗಿದೆಯೋ, ಮೋಟರ್ ಕೆಟ್ಟಿದೆಯೋ, ಪೈಪು ಸಡಿಲಾಗಿ ಒತ್ತಡ ಇಳಿದಿದೆಯೋ. ಶಾಕ್ ಕೂಡ ಹಾಗೆ. ರಕ್ತ ಅಥವಾ ನೀರಿನಂಶ ಹೋದದ್ದು ಒಂದು, ಹೃದಯವೇ ಸೋತದ್ದು ಇನ್ನೊಂದು, ನಂಜಿನಿಂದಲೋ ಹೆಜ್ಜೇನಿನ ಕಡಿತದ ಅಲರ್ಜಿಯಿಂದಲೋ ರಕ್ತನಾಳಗಳು ಹಿಗ್ಗಿಹೋದದ್ದು ಮತ್ತೊಂದು. ದೊಡ್ಡ ಜಾತಿಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಂಡು ರಕ್ತದ ದಾರಿಯೇ ಕಟ್ಟುವ ನಾಲ್ಕನೆಯದೂ ಇದೆ. ಎಲ್ಲದರ ಕೊನೆ ಒಂದೇ, ಜೀವಕೋಶಕ್ಕೆ ಆಮ್ಲಜನಕ ಸಿಗುವುದಿಲ್ಲ. ಮದ್ದು ಮಾತ್ರ ಒಂದೇ ಅಲ್ಲ.

ಬೇರ್ಪಡಿಸಲು ಕೈಗೆ ಸಿಗುವುದು ವಸಡು, ನಾಡಿ, ಥರ್ಮಾಮೀಟರು. ಮೇಲ್ದುಟಿ ಎತ್ತಿ ಕೋರೆಹಲ್ಲಿನ ಮೇಲಿನ ವಸಡು ನೋಡಬೇಕು. ಆರೋಗ್ಯವಂತ ನಾಯಿಯದು ತಿಳಿ ಗುಲಾಬಿ. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಒಂದೆರಡು ಸೆಕೆಂಡಿನಲ್ಲಿ ಬಣ್ಣ ಮರಳುತ್ತದೆ. ನಮ್ಮ ನಾಟಿ ನಾಯಿಗಳಲ್ಲಿ ಅನೇಕಕ್ಕೆ ವಸಡು ಹುಟ್ಟಾ ಕಪ್ಪು, ಅಂಥವುಗಳಲ್ಲಿ ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಭಾಗ ನೋಡುತ್ತೇವೆ. ನಾಡಿ ಸಿಗುವುದು ಹಿಂದೊಡೆಯ ಒಳಬದಿಯಲ್ಲಿ, ಸಂದಿನ ಹತ್ತಿರ. ಹಿಂಗಾಲಿನ ಪಾದದ ಮೇಲ್ಭಾಗದಲ್ಲೂ ಸಣ್ಣದಾಗಿ ಸಿಗುತ್ತದೆ. ಒತ್ತಡ ಇಳಿಯುತ್ತ ಹೋದಂತೆ ಮೊದಲು ಮಾಯವಾಗುವುದು ಆ ಪಾದದ ನಾಡಿ.

ಜ್ವರದ ವಿಷಯದಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ನಾಯಿಯ ಮೈಶಾಖ ಸಹಜವಾಗಿ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮನೆಯಲ್ಲಿ ಥರ್ಮಾಮೀಟರ್ ಇಟ್ಟು 98 ಕಂಡವರು 'ಜ್ವರ ಇಲ್ಲ, ನಾರ್ಮಲ್' ಎಂದು ನೆಮ್ಮದಿಯಾಗುತ್ತಾರೆ. ಅದು ಮನುಷ್ಯರ ನಾರ್ಮಲ್. ಏಟು ತಿಂದ ನಾಯಿಯಲ್ಲಿ 98 ಎಂದರೆ ದೇಹ ತಣ್ಣಗಾಗುತ್ತಿದೆ.

ಆ ರಸ್ತೆಯ ನಾಯಿಯನ್ನೇ ತೆಗೆದುಕೊಳ್ಳೋಣ. ತೂಕ 20 ಕಿಲೋ ಎನ್ನಿ. ಕಿಲೋಗೆ ಸುಮಾರು 85 ಮಿಲಿಲೀಟರ್ ಲೆಕ್ಕದಲ್ಲಿ ಅದರ ಮೈಯಲ್ಲಿ ಇರುವುದು ಒಂದು ಲೀಟರ್ 700 ಮಿಲಿ ರಕ್ತ. ಗುಲ್ಮ ಹರಿದು ಅದರಲ್ಲಿ ಅರ್ಧ ಲೀಟರ್ ಹೊಟ್ಟೆಯೊಳಗೇ ಸೋರಿದರೂ ಹೊರಗೆ ಒಂದು ಹನಿ ಕಾಣುವುದಿಲ್ಲ. ಮೊದಲ ಅರ್ಧ ಗಂಟೆಯಲ್ಲಿ ದೇಹ ತಾನೇ ಹೋರಾಡುತ್ತದೆ. ಎದೆಬಡಿತ ನಿಮಿಷಕ್ಕೆ 170, ನಾಡಿ ಬಲವಾಗಿ ಚಿಮ್ಮುತ್ತದೆ, ವಸಡು ಗುಲಾಬಿಯಾಗಿಯೇ ಇರುತ್ತದೆ, ಕೆಲವೊಮ್ಮೆ ಇನ್ನಷ್ಟು ಕೆಂಪಾಗುತ್ತದೆ, ಒತ್ತಿ ಬಿಟ್ಟರೆ ಬಣ್ಣ ಒಂದು ಸೆಕೆಂಡಿಗೂ ಮೊದಲೇ ಮರಳುತ್ತದೆ. ನಡೆದುಕೊಂಡು ಬಂದದ್ದು ಈ ಹಂತದ ನಾಯಿ. ಗಂಟೆ ಕಳೆದ ಮೇಲೆ ಅದೇ ವಸಡು ಸುಣ್ಣದಂತೆ ಬಿಳಿಚಿರುತ್ತದೆ, ಬಣ್ಣ ಮರಳಲು ಮೂರು ಸೆಕೆಂಡು ಹಿಡಿಯುತ್ತದೆ, ತೊಡೆಯ ನಾಡಿ ಎಳೆಯಂತೆ ಸಣ್ಣಗಾಗಿ ಪಾದದ ನಾಡಿ ಸಿಗುವುದೇ ಇಲ್ಲ. ಕಾಲ್ಬೆರಳುಗಳು ಮುಟ್ಟಿದರೆ ತಣ್ಣಗೆ, ಥರ್ಮಾಮೀಟರ್ 98. ಇನ್ನೂ ತಡವಾದರೆ ಓಡುತ್ತಿದ್ದ ಎದೆಬಡಿತ ನಿಧಾನವಾಗುತ್ತದೆ. ಅದನ್ನು ಚೇತರಿಕೆ ಎಂದು ಓದಿದರೆ ನಾಯಿ ಉಳಿಯುವುದಿಲ್ಲ.

ಹೀಗಾಗಿ ವಸಡಿನ ಬಣ್ಣ ಶಾಕಿನ ಜಾತಿಯನ್ನಷ್ಟೇ ಅಲ್ಲ, ಹೊತ್ತನ್ನೂ ಹೇಳುತ್ತದೆ. ಒಮ್ಮೆ ನೋಡಿ ಬರೆದಿಟ್ಟರೆ ಸಾಲದು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮತ್ತೆ ದುಟಿ ಎತ್ತಬೇಕು.

ಇಂಥ ನಾಯಿಗೆ ರಿಂಗರ್ ಲ್ಯಾಕ್ಟೇಟ್ 200ರಿಂದ 400 ಮಿಲಿಯನ್ನು ಹದಿನೈದು ನಿಮಿಷದಲ್ಲಿ ಕೊಟ್ಟು ನಾಡಿಯನ್ನು ಮತ್ತೆ ಓದುತ್ತೇವೆ. ಜನ ಕೇಳುವುದು 'ಗ್ಲೂಕೋಸ್ ಏರಿಸಿ' ಎಂದು. ಗ್ಲೂಕೋಸ್ ನೀರು ರಕ್ತನಾಳದಲ್ಲಿ ನಿಲ್ಲುವುದಿಲ್ಲ, ಸಕ್ಕರೆ ಕರಗಿದ ಮೇಲೆ ಬಹುಪಾಲು ನೀರು ಅಂಗಾಂಶಗಳಿಗೆ ಇಳಿದುಹೋಗುತ್ತದೆ. ಹೊಟ್ಟೆಯೊಳಗೆ ರಕ್ತ ಸುರಿಯುತ್ತಿರುವ ಗುಮಾನಿ ಇದ್ದರೆ ರಿಂಗರ್ ಅನ್ನೂ ಧಾರಾಳವಾಗಿ ಹರಿಸುವಂತಿಲ್ಲ. ಒತ್ತಡ ಏಕ್‌ದಂ ಏರಿದರೆ ಆಗತಾನೇ ಹೆಪ್ಪುಗಟ್ಟಿದ ಜಾಗ ಮತ್ತೆ ಬಾಯಿ ಬಿಡುತ್ತದೆ.

ಈಗ ಕನಕಪುರದ ಕಾಡಂಚಿಗೆ ಬನ್ನಿ. ಹೊಲ ಕಾಯುವ ನಾಯಿಗೆ ಕಾಡುಹಂದಿ ಕೋರೆಯಿಂದ ತಿವಿದಿದೆ. ಮೇಲಿನ ಗಾಯ ಕೂಡಿಕೊಂಡಿದೆ, ಒಳಗೆ ಕೀವು ತುಂಬಿದೆ. ನಾಲ್ಕೈದು ದಿನದ ಮೇಲೆ ನಾಯಿ ಏಳುತ್ತಿಲ್ಲ. ದುಟಿ ಎತ್ತಿದರೆ ವಸಡು ಇಟ್ಟಿಗೆ ಕೆಂಪು, ಬಣ್ಣ ತಟ್ಟನೆ ಮರಳುತ್ತದೆ, ನಾಡಿ ಬೆರಳನ್ನು ಒದೆಯುತ್ತದೆ. ರಸ್ತೆಯ ನಾಯಿಯ ಮೊದಲ ಅರ್ಧ ಗಂಟೆಯೂ ಹೆಚ್ಚುಕಡಿಮೆ ಹೀಗೇ ಇತ್ತು. ವಸಡು ಮತ್ತು ನಾಡಿ ಎರಡೂ ಸೇರಿ ಇಲ್ಲಿ ಕೈಕೊಡುತ್ತವೆ. ಬಿಡಿಸುವುದು ಥರ್ಮಾಮೀಟರು: ಈ ನಾಯಿಗೆ 104ರ ಮೇಲೆ ಜ್ವರ, ಪಾದಗಳೂ ಬಿಸಿ. ನಂಜಿಗೆ ನಾಳಗಳು ಹಿಗ್ಗಿ ಚರ್ಮದವರೆಗೂ ರಕ್ತ ನುಗ್ಗಿರುವುದರಿಂದ ಆ ಕೆಂಪು. ಡ್ರಿಪ್ ಇದಕ್ಕೂ ಬೇಕು, ಆದರೆ ಕೀವು ಹೊರಗೆ ತೆಗೆದು ಆಂಟಿಬಯಾಟಿಕ್ ತಡವಿಲ್ಲದೆ ಶುರು ಮಾಡದಿದ್ದರೆ ಡ್ರಿಪ್ ಒಂದೇ ಏನೂ ಮಾಡದು. (ಬೇಸಿಗೆಯಲ್ಲಿ 106 ದಾಟಿ ಏದುಸಿರು ಬಿಡುವ ಕೆಂಪು ವಸಡಿನ ನಾಯಿ ಸಿಕ್ಕರೆ ಮೊದಲು ಬಿಸಿಲಿನ ಹೊಡೆತವನ್ನು ಯೋಚಿಸಬೇಕು, ಆ ನಾಯಿಗೆ ನೀರು ಸುರಿದು ಗಾಳಿ ಹಾಕುವುದು ಮೊದಲು.) ಇನ್ನರ್ಧ ದಿನ ಬಿಟ್ಟರೆ ನಂಜಿನ ನಾಯಿಯ ವಸಡೂ ಬೂದಿ ಬಣ್ಣಕ್ಕೆ ತಿರುಗಿ ಮೈ ತಣ್ಣಗಾಗುತ್ತದೆ. ಆಗ ರಸ್ತೆಯ ನಾಯಿಗೂ ಇದಕ್ಕೂ ಹೊರಗಿನಿಂದ ವ್ಯತ್ಯಾಸ ಸಿಗುವುದಿಲ್ಲ, ಮನೆಯವರು ಹೇಳುವ ಕಥೆಯೊಂದೇ ದಾರಿ. ಹಂದಿ ತಿವಿದು ಎಷ್ಟು ದಿನವಾಯಿತು ಎಂಬ ಪ್ರಶ್ನೆಯನ್ನು ನಾನು ಎಂದೂ ಬಿಡುವುದಿಲ್ಲ.

ಮೂರನೆಯದು ಮಾಗಡಿ ಪೇಟೆಯ ಮನೆಯೊಂದರ ಮುದಿ ಬಿಳಿ ಪಾಮ್. ತಿಂಗಳುಗಟ್ಟಲೆ ರಾತ್ರಿ ಕೆಮ್ಮು, ಇವತ್ತು ಕುಸಿದಿದೆ. ವಸಡು ಬೂದು ಬಿಳಿ, ಅಂಚಿನಲ್ಲಿ ನೀಲಿ. ಮೈ ತಣ್ಣಗೆ, ನಾಡಿ ಬಡಕಲು. ಬಿಳಿಚಿದ ವಸಡು, ಸಣ್ಣ ನಾಡಿ, ಇಳಿದ ಶಾಖ, ಮೂರೂ ರಕ್ತ ಹೋದ ನಾಯಿಯವೇ. ಇಲ್ಲಿ ಒಂದು ಕೈ ತೊಡೆಯ ಮೇಲಿಟ್ಟು ಸ್ಟೆತಸ್ಕೋಪನ್ನು ಎದೆಗಿಟ್ಟು ಒಟ್ಟಿಗೇ ಎಣಿಸಬೇಕು. ಎದೆಯಲ್ಲಿ ಬಡಿತ ಕೇಳಿಸಿಯೂ ತೊಡೆಗೆ ನಾಡಿ ಬಾರದೆ ತಪ್ಪುತ್ತಿದ್ದರೆ, ಶ್ವಾಸಕೋಶದಲ್ಲಿ ಚಿರಚಿರ ಸದ್ದಿದ್ದರೆ, ಸೋತಿರುವುದು ಹೃದಯ. ಈ ನಾಯಿಗೆ ರಸ್ತೆಯ ನಾಯಿಯ ಬಾಟಲಿ ಏರಿಸಿದರೆ ಆ ನೀರು ಶ್ವಾಸಕೋಶ ತುಂಬಿ ನಾಯಿ ಒಳಗೇ ಮುಳುಗುತ್ತದೆ. ಇದಕ್ಕೆ ಬೇಕಾದದ್ದು ಆಮ್ಲಜನಕ, ಶ್ವಾಸಕೋಶದ ನೀರು ಇಳಿಸುವ ಫ್ಯೂರೋಸಮೈಡ್, ಹೃದಯಕ್ಕೆ ಬಲ ಕೊಡುವ ಔಷಧಿ.

ಕರೆಂಟಿನ ಶಾಕಿಗೂ ಇಲ್ಲಿ ಒಂದು ಮಾತು ಸಲ್ಲಬೇಕು. ವೈರು ಕಚ್ಚಿದ ನಾಯಿಮರಿ ಬಾಯಿ ಸುಟ್ಟುಕೊಂಡು ಎದ್ದು ಓಡಾಡುತ್ತದೆ, ಕೆಲವು ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಏದುಸಿರು ಶುರುವಾಗುವುದುಂಟು. ಶಾಕ್ 'ಹೊಡೆದ' ಮರಿಯನ್ನು ಒಂದು ದಿನವಾದರೂ ಕಣ್ಣಲ್ಲಿ ಇಟ್ಟು ನೋಡಿಕೊಳ್ಳುವುದು ಅದಕ್ಕೇ.

ಸಾವನದುರ್ಗದ ಆಚೆಯ ಹಳ್ಳಿಯಿಂದ ಯಾರಾದರೂ ಫೋನ್ ಮಾಡಿ ನಾಯಿ ಶಾಕಲ್ಲಿದೆ ಎಂದರೆ ನಾನು ಮೊದಲು ದುಟಿ ಎತ್ತಿಸುತ್ತೇನೆ, ಯಾವ ಬಣ್ಣ ಹೇಳಿ ಎನ್ನುತ್ತೇನೆ. ಆಮೇಲೆ ಪಾದ ಹಿಡಿಸಿ ಬಿಸಿಯೋ ತಣ್ಣಗೋ ಕೇಳುತ್ತೇನೆ. ಬಾಯಿಗೆ ನೀರು ಹಾಕಬೇಡಿ, ಮಂಕಾದ ನಾಯಿಗೆ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ತಣ್ಣಗಿದ್ದರೆ ಕಂಬಳಿ ಹೊದಿಸಿ, ಬಿಸಿನೀರಿನ ಬಾಟಲಿ ಇಡಬೇಡಿ, ಚರ್ಮದ ನಾಳಗಳು ಹಿಗ್ಗಿ ಇದ್ದ ಒತ್ತಡವೂ ಇಳಿಯುತ್ತದೆ. ಏಟು ಬಿದ್ದ ನಾಯಿಯನ್ನು ಹಲಗೆಯ ಮೇಲೆ ಮಗ್ಗುಲಾಗಿ ಮಲಗಿಸಿ ತನ್ನಿ. ಉಸಿರಿಗೆ ಒದ್ದಾಡುವ ನಾಯಿಯನ್ನು ಮಾತ್ರ ಬಲವಂತವಾಗಿ ಮಲಗಿಸಬೇಡಿ, ಅದು ಹೇಗೆ ಕೂರುತ್ತದೋ ಹಾಗೇ ಕೂರಿಸಿಕೊಂಡು ಬನ್ನಿ.