ಕೊಳವೆ ತೆಗೆದ ಮೇಲಿನ ಮೂರು ಗಂಟೆ: ಬೆಕ್ಕಿನ ದಂತಶುದ್ಧಿಯಲ್ಲಿ ಅರಿವಳಿಕೆಯ ಅಪಾಯ ಮತ್ತು ಪೂರ್ವಸಿದ್ಧತೆ

“ಹಲ್ಲು ಕ್ಲೀನ್ ಮಾಡೋಕೆ ಪೂರ್ತಿ ಪ್ರಜ್ಞೆ ತಪ್ಪಿಸಲೇಬೇಕಾ ಡಾಕ್ಟ್ರೇ? ಆಮೇಲೆ ಎದ್ದೇಳದೇ ಹೋದ್ರೆ?” ಬೆಕ್ಕು ಸಾಕಿದವರು ಈ ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಮೊದಲನೆಯದಕ್ಕೆ ಉತ್ತರ ಚಿಕ್ಕದು. ಬೆಕ್ಕಿನ ಹಲ್ಲಿಗೂ ಒಸಡಿಗೂ ನಡುವಿನ ಸಂದಿ ಆರೋಗ್ಯವಾಗಿದ್ದಾಗ ಒಂದು ಮಿಲಿಮೀಟರ್ ಮೀರುವುದಿಲ್ಲ. ರೋಗ ಬೆಳೆಯುವುದು ಆ ಸಂದಿಯೊಳಗೆ. ಎಚ್ಚರವಿರುವ ಬೆಕ್ಕಿನ ಹಲ್ಲಿನ ಮೇಲಿನ ಗಟ್ಟಿ ಪಾಚಿಯನ್ನು ಕೆರೆದರೆ ಹಲ್ಲು ಬೆಳ್ಳಗಾಗುತ್ತದೆ, ಒಸಡಿನ ಕೆಳಗಿನ ರೋಗ ಹಾಗೆಯೇ ಉಳಿಯುತ್ತದೆ. ಜೊತೆಗೆ, ಬೆಕ್ಕುಗಳಲ್ಲಿ ಹಲ್ಲು ಬೇರಿನಿಂದಲೇ ಕರಗಿಹೋಗುವ ಕಾಯಿಲೆ ಸಾಮಾನ್ಯ. ಅದನ್ನು ಎಕ್ಸ್‌ರೇ ಇಲ್ಲದೆ ಅಳೆಯಲಾಗದು. ಎಚ್ಚರವಿರುವ ಬೆಕ್ಕು ಬಾಯೊಳಗೆ ಎಕ್ಸ್‌ರೇ ಪ್ಲೇಟ್ ಇಡಲು ಬಿಡುವುದಿಲ್ಲ.

ಈ ಲೇಖನ ಎರಡನೆಯ ಪ್ರಶ್ನೆಯನ್ನು ಕುರಿತದ್ದು. ಆ ಭಯಕ್ಕೆ ಆಧಾರವಿದೆ. ಬ್ರಿಟನ್ನಿನಲ್ಲಿ ಬ್ರಾಡ್‌ಬೆಲ್ಟ್ ಮತ್ತು ಸಂಗಡಿಗರು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 117 ಪಶುಚಿಕಿತ್ಸಾಲಯಗಳ ಸುಮಾರು 79 ಸಾವಿರ ಬೆಕ್ಕುಗಳ ದಾಖಲೆ ಇತ್ತು. ಅರಿವಳಿಕೆ ಅಥವಾ ಮಂಪರು ಔಷಧಕ್ಕೆ ಸಂಬಂಧಿಸಿ 48 ಗಂಟೆಯೊಳಗೆ ಸತ್ತ ಬೆಕ್ಕುಗಳ ಪ್ರಮಾಣ ಶೇ. 0.24. ನಾಯಿಗಳಲ್ಲಿ ಅದು ಶೇ. 0.17. ಆದರೆ ಈ ಸರಾಸರಿಯೊಳಗೆ ಎರಡು ಬೇರೆ ಗುಂಪುಗಳಿವೆ. ಆರೋಗ್ಯವಂತ ಬೆಕ್ಕುಗಳಲ್ಲಿ ಸಾವು ಶೇ. 0.11, ಅಂದರೆ ಸುಮಾರು 900ಕ್ಕೆ ಒಂದು. ಕಾಯಿಲೆಯಿದ್ದವುಗಳಲ್ಲಿ ಶೇ. 1.40, ಅಂದರೆ ಸುಮಾರು 70ಕ್ಕೆ ಒಂದು. ಈ ಅಂಕಿಗಳು ಎಲ್ಲ ಬಗೆಯ ಶಸ್ತ್ರಕ್ರಿಯೆಗಳನ್ನೂ ಒಳಗೊಂಡಿವೆ, ಮಾಹಿತಿ ಸಂಗ್ರಹಿಸಿ ಇಪ್ಪತ್ತು ವರ್ಷ ದಾಟಿದೆ. ಆದ್ದರಿಂದ ಇಂದಿನ ದಂತಶುದ್ಧಿಗೆ ಇವನ್ನು ಇದ್ದಂತೆಯೇ ಅನ್ವಯಿಸಬಾರದು. ಆದರೂ ಎರಡು ಗುಂಪುಗಳ ನಡುವಿನ ಅಂತರ ಕಡೆಗಣಿಸುವಂಥದ್ದಲ್ಲ. ಬೆಕ್ಕು ಯಾವ ಗುಂಪಿಗೆ ಸೇರಿದೆ ಎಂದು ಮೊದಲೇ ತಿಳಿಯುವುದೇ ಪೂರ್ವಸಿದ್ಧತೆಯ ತಿರುಳು.

ಅದೇ ಅಧ್ಯಯನದ ಇನ್ನೊಂದು ಅಂಶ ಸಾಕಿದವರ ಕಿವಿಗೆ ಬಿದ್ದೇ ಇರುವುದಿಲ್ಲ. ಸತ್ತ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತದ್ದು ಮೇಜಿನ ಮೇಲಲ್ಲ, ಕೆಲಸ ಮುಗಿದ ಮೇಲೆ; ಅವುಗಳಲ್ಲೂ ಬಹುಪಾಲು ಮೊದಲ ಮೂರು ಗಂಟೆಯೊಳಗೆ. ಸಾಕಿದವರ ಕಲ್ಪನೆಯಲ್ಲಿ ಅಪಾಯವೆಂದರೆ ಸೂಜಿ ಚುಚ್ಚುವ ಕ್ಷಣ. “ಎಲ್ಲ ಮುಗೀತು” ಎಂಬ ಫೋನ್ ಬಂದಾಗ ಅವರು ನಿಟ್ಟುಸಿರು ಬಿಡುತ್ತಾರೆ. ಆದರೆ ಆಗ ಬೆಕ್ಕು ತೇವವಾದ ಮೈಯಲ್ಲಿ, ಯಂತ್ರಗಳ ತಂತಿ ಕಳಚಿಕೊಂಡು, ಗೂಡಿನಲ್ಲಿ ಮಲಗಿರುತ್ತದೆ. ಅದರ ಮೇಲೆ ಕಣ್ಣಿಡಬೇಕಾದ ಸಮಯ ಅದೇ.

ಉಸಿರಿನ ಕೊಳವೆಯ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಶ್ವಾಸನಾಳಕ್ಕೆ ಕೊಳವೆ ಹಾಕಿದ ಬೆಕ್ಕುಗಳಲ್ಲಿ ಸಾವಿನ ಸಂಭವ ಹೆಚ್ಚು ಎಂದು ಬ್ರಾಡ್‌ಬೆಲ್ಟ್ ಗುಂಪು ಕಂಡುಕೊಂಡಿತು. ಹಾಗೆಂದು ಕೊಳವೆಯೇ ಬೇಡವೆನ್ನಲಾಗದು. ಸ್ಕೇಲಿಂಗ್ ಯಂತ್ರ ಬಾಯಿತುಂಬ ನೀರು ಚಿಮ್ಮಿಸುತ್ತದೆ. ಪಾಚಿಯ ಚೂರು, ರಕ್ತ, ಬ್ಯಾಕ್ಟೀರಿಯಾ ಎಲ್ಲವೂ ಆ ನೀರಿನಲ್ಲಿರುತ್ತವೆ. ಅವು ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುವುದು ಕೊಳವೆಯೇ. ಅಪಾಯ ಇರುವುದು ಅದನ್ನು ಹಾಕುವ ರೀತಿಯಲ್ಲಿ. ಬೆಕ್ಕಿನ ಧ್ವನಿಪೆಟ್ಟಿಗೆ ಮುಟ್ಟಿದರೆ ಸಾಕು, ಬಿಗಿದುಕೊಳ್ಳುತ್ತದೆ. ಅದಕ್ಕೇ ಮೊದಲು ಲಿಗ್ನೋಕೇನಿನ ಒಂದೆರಡು ಹನಿ ಹಾಕಿ, ಅದು ಸಡಿಲವಾಗುವವರೆಗೆ ಕಾಯಬೇಕು. ಕೊಳವೆಯ ಸುತ್ತಲಿನ ಗಾಳಿಚೀಲವನ್ನು ಸೋರಿಕೆ ನಿಲ್ಲುವಷ್ಟು ಮಾತ್ರ ಉಬ್ಬಿಸಬೇಕು. ದಂತಚಿಕಿತ್ಸೆಯಲ್ಲಿ ಬೆಕ್ಕನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಿಸಲೇಬೇಕಾಗುತ್ತದೆ. ಆಗ ಕೊಳವೆಯನ್ನು ಯಂತ್ರದಿಂದ ಕಳಚದಿದ್ದರೆ ಅದು ಒಳಗೇ ತಿರುಚಿ ಶ್ವಾಸನಾಳವನ್ನು ಸೀಳಬಹುದು. ವರದಿಯಾದ ಇಂಥ ಸೀಳುಗಳಲ್ಲಿ ಬಹಳಷ್ಟು ಹಲ್ಲಿನ ಕೆಲಸದ ವೇಳೆಯಲ್ಲೇ ಆದವು. ಗುರುತು ಸ್ಪಷ್ಟ: ಕತ್ತಿನ ಚರ್ಮವನ್ನು ಒತ್ತಿದರೆ ಒಳಗೆ ಗಾಳಿ ತುಂಬಿ ಕರಕರ ಎನ್ನುತ್ತದೆ. ಇದು ಕೆಲವೊಮ್ಮೆ ಮನೆಗೆ ಹೋದ ಮೇಲೆ ಕಾಣಿಸಿಕೊಳ್ಳುವುದರಿಂದ ಸಾಕಿದವರಿಗೂ ತಿಳಿದಿರಬೇಕು.

ಬಾಯನ್ನು ಅಗಲಿಸಿ ಹಿಡಿಯುವ ಸ್ಪ್ರಿಂಗಿನ ಸಾಧನವೂ ಅಷ್ಟೇ ಅಪಾಯದ್ದು. ಬೆಕ್ಕಿನ ಮಿದುಳಿಗೂ ಕಣ್ಣಿನ ಪರದೆಗೂ ರಕ್ತ ಹೋಗುವುದು ಹೆಚ್ಚಾಗಿ ದವಡೆಯ ಮೂಲೆಯಲ್ಲಿ ಹಾಯುವ ಅಪಧಮನಿಯಿಂದ. ದವಡೆ ಅತಿಯಾಗಿ ಅಗಲಿದರೆ ಅದು ಅದುಮಿಹೋಗುತ್ತದೆ. ಅರಿವಳಿಕೆಯ ನಂತರ ಕುರುಡಾದ 20 ಬೆಕ್ಕುಗಳ ವರದಿ 2012ರಲ್ಲಿ ಪ್ರಕಟವಾಯಿತು. ಹೆಚ್ಚಿನವುಗಳಲ್ಲಿ ಈ ಸಾಧನ ಬಳಸಲಾಗಿತ್ತು. ಕತ್ತರಿಸಿದ ಸೂಜಿಮುಚ್ಚಳದ ಗಿಡ್ಡ ತುಂಡನ್ನು ಕೋರೆಹಲ್ಲುಗಳ ನಡುವೆ ಸ್ವಲ್ಪ ಹೊತ್ತು ಮಾತ್ರ ಇಟ್ಟರೂ ಕೆಲಸ ನಡೆಯುತ್ತದೆ.

ಸಿದ್ಧತೆ ಹೇಗೆ ಸಾಗುತ್ತದೆ ಎಂದು ತೋರಿಸಲು ಒಂದು ಮಾದರಿ ಪ್ರಕರಣ ತೆಗೆದುಕೊಳ್ಳೋಣ. ಒಂಬತ್ತು ವರ್ಷದ ಹೆಣ್ಣು ಬೆಕ್ಕು, ತೂಕ 4.2 ಕಿಲೋ. ಬಾಯಿ ನಾರುತ್ತದೆ, ಒಂದೇ ಮಗ್ಗುಲಲ್ಲಿ ಅಗಿಯುತ್ತದೆ. ಉಳಿದಂತೆ “ಚೆನ್ನಾಗಿದೆ” ಎನ್ನುತ್ತಾರೆ ಮನೆಯವರು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನೈನ್ 2.1, ಮೂತ್ರದ ಸಾಂದ್ರತೆ 1.022. ಇದು ಮೂತ್ರಪಿಂಡ ಕಾಯಿಲೆಯ ಎರಡನೇ ಹಂತದತ್ತ ಬೆರಳು ತೋರಿಸುತ್ತದೆ. ಬೆಕ್ಕು ಹೊರಗೆ ಏನನ್ನೂ ತೋರಿಸಿಲ್ಲ. ರಕ್ತದೊತ್ತಡ 145, ಥೈರಾಯ್ಡ್ ಸರಿಯಿದೆ. ಎದೆಯಲ್ಲಿ ಅಸಹಜ ಸದ್ದು ಕೇಳದಿದ್ದರೂ ಹೃದಯದ ರಕ್ತಪರೀಕ್ಷೆಯೊಂದನ್ನು ಮಾಡಿಸುವುದು ಒಳ್ಳೆಯದು, ಏಕೆಂದರೆ ಹೃದಯಸ್ನಾಯು ದಪ್ಪಗಾಗುವ ಕಾಯಿಲೆ ಸ್ಟೆತೊಸ್ಕೋಪಿಗೆ ಸಿಗದೇ ಇರಬಹುದು. ಅದರಲ್ಲಿ ಸಂಶಯ ಬಂದರೆ ಮುಂದಿನ ಹೆಜ್ಜೆ ಎಕೋ.

ಈ ಫಲಿತಾಂಶ ದಂತಶುದ್ಧಿಯನ್ನು ರದ್ದು ಮಾಡುವುದಿಲ್ಲ, ಯೋಜನೆಯನ್ನು ಬದಲಿಸುತ್ತದೆ. ಹತ್ತು ಗಂಟೆಯ ಕೆಲಸಕ್ಕೆ ಬೆಳಗಿನ ಜಾವ ಐದರ ನಂತರ ಊಟ ಬೇಡ. ನೀರನ್ನು ಮಾತ್ರ ಎತ್ತಿಡಬಾರದು, ಮೂತ್ರಪಿಂಡ ಸೋತ ಬೆಕ್ಕು ಬೇಗ ಒಣಗುತ್ತದೆ. ಮನೆ ಬಿಡುವ ಎರಡು ಗಂಟೆ ಮುಂಚೆ ಒಂದು ಚಮಚ ಆಹಾರದಲ್ಲಿ ಗ್ಯಾಬಪೆಂಟಿನ್ 50 ಮಿಲಿಗ್ರಾಂ. ಬುಟ್ಟಿಯಲ್ಲಿ ಕಿರುಚಿ ಬೆದರಿ ಬಂದ ಬೆಕ್ಕಿಗೆ ಹೆಚ್ಚು ಅರಿವಳಿಕೆ ಬೇಕಾಗುತ್ತದೆ, ಶಾಂತವಾಗಿ ಬಂದದ್ದಕ್ಕೆ ಕಡಿಮೆ ಸಾಕು. ಡ್ರಿಪ್ ಗಂಟೆಗೆ ಕಿಲೋಗೆ 3 ಮಿಲಿಲೀಟರ್‌ನಂತೆ ಸುಮಾರು 12.6 ಮಿಲಿ, ಅದೂ ಪಂಪಿನ ಮೂಲಕ. ಬ್ರಿಟನ್ನಿನ ಅಧ್ಯಯನದಲ್ಲಿ ಡ್ರಿಪ್ ಪಡೆದ ಬೆಕ್ಕುಗಳಲ್ಲೂ ಸಾವು ಹೆಚ್ಚಿತ್ತು. ಕಾಯಿಲೆ ಬಿದ್ದವಕ್ಕೇ ಹೆಚ್ಚಾಗಿ ಡ್ರಿಪ್ ಹಾಕುವುದು ಅದಕ್ಕೆ ಒಂದು ಕಾರಣವಿರಬಹುದು. ಪುಟ್ಟ ದೇಹಕ್ಕೆ ಅಳತೆ ಮೀರಿ ನೀರು ಹೋಗುವುದು ಇನ್ನೊಂದು.

ಎಕ್ಸ್‌ರೇಯಲ್ಲಿ ಕೆಳದವಡೆಯ ಎಡಗಡೆಯ ಒಂದು ದವಡೆಹಲ್ಲು ಕರಗುತ್ತಿರುವುದು ಕಾಣುತ್ತದೆ. ಕೀಳುವ ಮುನ್ನ ದವಡೆಯ ನರಕ್ಕೆ ಸ್ಥಳೀಯ ಅರಿವಳಿಕೆಯ ಚಿಕ್ಕ ಇಂಜೆಕ್ಷನ್. ಇದರಿಂದ ಉಸಿರಿನ ಐಸೊಫ್ಲೂರೇನನ್ನು ತಗ್ಗಿಸಬಹುದು. ರಕ್ತದೊತ್ತಡ ಇಳಿಸುವುದು ಮುಖ್ಯವಾಗಿ ಆ ಅನಿಲವೇ. ಈ ಬೆಕ್ಕಿನ ಮೂತ್ರಪಿಂಡಕ್ಕೆ ಸರಾಸರಿ ಒತ್ತಡ 60ಕ್ಕಿಂತ ಕೆಳಗಿಳಿಯುವುದು ಒಳ್ಳೆಯದಲ್ಲ. ನಾಲಿಗೆಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ ಕೊನೆಯವರೆಗೂ ಇರುತ್ತದೆ. ನಾಡಿ ನೋಡುವುದು ಮತ್ತು ಈ ಉಪಕರಣದ ಬಳಕೆ ಸಾವಿನ ಸಂಭವ ತಗ್ಗಿದ್ದರೊಂದಿಗೆ ಹೊಂದಿಕೊಂಡಿದ್ದವು ಎಂಬುದು ಅದೇ ಅಧ್ಯಯನದ ಅತ್ಯಂತ ಉಪಯುಕ್ತ ಫಲಿತಾಂಶವೆಂದು ನನ್ನ ಎಣಿಕೆ.

ಸಾಕಿದವರು “ಅರಿವಳಿಕೆ ಸುರಕ್ಷಿತವೇ?” ಎಂದು ಕೇಳಿದರೆ ಯಾವ ವೈದ್ಯರೂ ನೆಟ್ಟಗೆ ಉತ್ತರಿಸಲಾರರು. “ಕೊಳವೆ ತೆಗೆದ ಮೇಲೆ ಅದರ ಪಕ್ಕ ಯಾರು ಕೂರುತ್ತಾರೆ?” ಎಂದು ಕೇಳಿದರೆ ಉತ್ತರಿಸಲೇಬೇಕು. ಮಾದರಿ ಪ್ರಕರಣದಲ್ಲಿ ಒಬ್ಬ ಸಹಾಯಕಿ ಕೂರುತ್ತಾರೆ. ಒದ್ದೆಯಾದ ಮುಖ, ಕತ್ತನ್ನು ಟವೆಲಿನಿಂದ ಒರೆಸುತ್ತಾರೆ, ಬಿಸಿಗಾಳಿಯ ಹೊದಿಕೆ ಹಾಸುತ್ತಾರೆ, ಹತ್ತು ನಿಮಿಷಕ್ಕೊಮ್ಮೆ ಉಸಿರು ಎಣಿಸಿ, ಒಸಡಿನ ಬಣ್ಣ ನೋಡಿ, ತಾಪಮಾನ ಬರೆದಿಡುತ್ತಾರೆ. 36.1, 36.8, 37.6. ಎರಡೂವರೆ ಗಂಟೆಯ ಹೊತ್ತಿಗೆ ಬೆಕ್ಕು ತಲೆ ಎತ್ತಿ, ಆಡುವ ಬೆರಳನ್ನು ಕಣ್ಣಿನಿಂದ ಹಿಂಬಾಲಿಸುತ್ತದೆ. ಕತ್ತು ಒತ್ತಿದರೆ ಸದ್ದಿಲ್ಲ. ಮೆತ್ತನೆಯ ಆಹಾರವನ್ನು ಮುಂದಿಟ್ಟಾಗ ಮೂಸಿ, ನೆಕ್ಕಲು ಶುರುಮಾಡುತ್ತದೆ.