ಕಡಲತೀರದ ಮನೆಗಳಲ್ಲಿ ದೇವರ ಕೋಣೆ ಮತ್ತು ಸಂಧ್ಯಾದೀಪ

ಸುರತ್ಕಲ್ ಪರಿಸರದ ಹಿಂದೂ ಮನೆಗಳಲ್ಲಿ ದೇವರ ಕೋಣೆಯೆಂಬುದು ಬಹುಮಟ್ಟಿಗೆ ಒಂದು ಚಿಕ್ಕ ಮರದ ಮಂಟಪ ಅಥವಾ ಗೋಡೆಯ ಗೂಡು. ಅದರಲ್ಲಿ ಕುಲದೇವರ ಪಟ, ಒಂದೆರಡು ವಿಗ್ರಹ, ಮುಂದೆ ಹಿತ್ತಾಳೆಯ ಕಾಲುದೀಪ; ಅಂಗಳವಿದ್ದಲ್ಲಿ ತುಳಸಿಕಟ್ಟೆ. ತುಳುವರ ಹಿರಿಯ ಮನೆಗಳಲ್ಲಿ ದೈವಕ್ಕೆ ಪ್ರತ್ಯೇಕ ಸ್ಥಾನವೂ ದೀಪವೂ ಉಂಟು. ಬಯಲುಸೀಮೆಯಿಂದ ಬಂದು ಇಲ್ಲಿ ನೆಲೆಸಿದ ಲಿಂಗಾಯತರಿಗೆ ಅಂಗೈಯ ಇಷ್ಟಲಿಂಗವೇ ಪೂಜ್ಯವಾದರೂ ದೇವರ ಜಗಲಿಯ ಮೇಲೆ ದೀಪವಿಡುವ ರೂಢಿ ಅವರಲ್ಲಿಯೂ ಇದೆ.

ಊರಿನಿಂದ ತಂದ ದೀಪವು ಇಲ್ಲಿ ಬೇಗ ಕಳೆಗುಂದುವುದಕ್ಕೆ ಕಾರಣ ಕಡಲ ಗಾಳಿಯ ತೇವ ಮತ್ತು ಉಪ್ಪು. ಹಿತ್ತಾಳೆಯಲ್ಲಿರುವ ತಾಮ್ರವು ಹಳೆಯ ಎಣ್ಣೆಯ ಆಮ್ಲದೊಡನೆ ಕೂಡಿ ಹಸಿರು ಕಿಲುಬಾಗುತ್ತದೆ. ಬತ್ತಿಯಿಡುವ ತಟ್ಟೆಯ ಅಂಚು ಹಸಿರೇರಿದರೆ ಎಣ್ಣೆ ನಿಂತು ಹಳಸಿದೆಯೆಂದು ತಿಳಿಯಬೇಕು. ಆ ಎಣ್ಣೆಯ ಮೇಲೆಯೇ ಹೊಸತನ್ನು ಸುರಿಯುವುದು ಸಾಮಾನ್ಯವಾದ ತಪ್ಪು. ಉಳಿದುದನ್ನು ಒರೆಸಿ ತೆಗೆದು, ಹುಣಸೆಹುಳಿಯಿಂದ ತಿಕ್ಕಿ ತೊಳೆದು, ಒಣಬಟ್ಟೆಯಿಂದ ಪೂರ್ಣ ಒರೆಸಿದ ಮೇಲೆ ಎಣ್ಣೆ ಹಾಕಬೇಕು. ಒಂದು ಹನಿ ನೀರು ಉಳಿದರೂ ಬತ್ತಿ ಚಟಪಟನೆ ಸಿಡಿಯುತ್ತದೆ. ಮಳೆಗಾಲದಲ್ಲಿ ಹತ್ತಿಯೇ ತೇವವನ್ನು ಹೀರುವುದರಿಂದ ಬತ್ತಿಗಳನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಡುವುದು ಲೇಸು.

ಕರಾವಳಿಯ ದೀಪಕ್ಕೆ ತೆಂಗಿನೆಣ್ಣೆ ಸಹಜ, ಎಳ್ಳೆಣ್ಣೆಯೂ ಸಲ್ಲುತ್ತದೆ. ತೆಳುವಾದ ಒಂದು ಬತ್ತಿಗೆ ಒಂದು ಟೀ ಚಮಚೆ ಎಣ್ಣೆ ಸುಮಾರು ಒಂದು ಗಂಟೆಗೆ ಸಾಕಾಗುತ್ತದೆ. ಹೊಸೆದ ಬತ್ತಿಯನ್ನು ಪೂರ್ಣ ಎಣ್ಣೆಯಲ್ಲಿ ನೆನೆಸಿ, ತುದಿಯನ್ನಷ್ಟೇ ತುಸು ಹೊರಗಿಡಬೇಕು. ತುದಿ ಉದ್ದವಾದರೆ ಜ್ವಾಲೆ ಹೊಗೆಯಾಡುತ್ತದೆ. ಈಗಿನ ಫ್ಲ್ಯಾಟುಗಳ ಮರದ ಮಂಟಪಗಳಲ್ಲಿ ಇದನ್ನು ಲಘುವಾಗಿ ಕಾಣಬಾರದು. ಉದಾಹರಣೆಗೆ, ಅಡುಗೆಮನೆಯ ಗೋಡೆಗೆ ತೂಗುಹಾಕಿದ ಒಂದಡಿ ಎತ್ತರದ ಮಂಟಪದಲ್ಲಿ ಅರ್ಧ ಅಡಿಯ ಕಾಲುದೀಪವಿಟ್ಟರೆ ಜ್ವಾಲೆಗೂ ಮೇಲಿನ ಹಲಗೆಗೂ ಗೇಣಿನಷ್ಟೂ ಅಂತರ ಉಳಿಯದು. ಮೊದಲು ಹಲಗೆಯಲ್ಲಿ ಕಪ್ಪು ವೃತ್ತ ಮೂಡುತ್ತದೆ, ಬಳಿಕ ಬಣ್ಣ ಉಬ್ಬುತ್ತದೆ. ಆ ಗುರುತು ಕಂಡೊಡನೆ ದೀಪವನ್ನು ಮಂಟಪದಿಂದ ಹೊರಗೆ, ತಟ್ಟೆಯೊಂದರ ಮೇಲೆ ಇಡತಕ್ಕದ್ದು. ಹೀಗೆ ಮಾಡಿದರೆ ಪೂಜೆಗೆ ಯಾವ ಲೋಪವೂ ಇಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ನಂದಾದೀಪದ ಹೆಸರಿನಲ್ಲಿ ಉರಿಯಲು ಬಿಡುವುದನ್ನು ಮಾತ್ರ ನಾವು ಒಪ್ಪಲಾರೆವು.

ದೀಪ ಹಚ್ಚುವ ಹೊತ್ತು ಮುಸ್ಸಂಜೆ, ಕತ್ತಲು ಮನೆಯೊಳಗೆ ಕಾಲಿಡುವ ಮುನ್ನ. ಕಿಟಕಿಯಿಲ್ಲದ ಹಳೆಯ ದೇವರ ಕೋಣೆಯಲ್ಲಿ ಮೂರ್ತಿ ಕಾಣಿಸುತ್ತಿದ್ದುದೇ ದೀಪದಿಂದ. ಆದ್ದರಿಂದ ಅದು ಅಲಂಕಾರವಲ್ಲ, ದರ್ಶನಕ್ಕೆ ಸಾಧನ. ವಿದ್ಯುತ್ತು ಬಂದ ಮೇಲೆ ಆ ಅಗತ್ಯ ಹೋಯಿತಾದರೂ ಹೊತ್ತಿನ ಕಟ್ಟಳೆ ಉಳಿಯಿತು. ಇಂದಿಗೂ ಅನೇಕ ಮನೆಗಳಲ್ಲಿ ಮೊದಲು ದೀಪ, ಬಳಿಕ ವಿದ್ಯುದ್ದೀಪ. ಕುಳಿತವರು ಎದ್ದು ಕೈಮುಗಿಯುತ್ತಾರೆ, ಮಕ್ಕಳು ಭಜನೆಗೆ ಕೂರುತ್ತಾರೆ; ಹಗಲಿನ ದುಡಿಮೆ ಅಲ್ಲಿಗೆ ಮುಗಿದಂತೆ.

ಎಣ್ಣೆ ತೀರಿ ಬತ್ತಿ ಕರಟುವವರೆಗೆ ಕಾಯುವುದಿಲ್ಲ, ಬಾಯಿಂದ ಊದುವುದೂ ಇಲ್ಲ. ಹೂವಿನ ತೊಟ್ಟಿನಿಂದ ಬತ್ತಿಯನ್ನು ಎಣ್ಣೆಯೊಳಗೆ ಸರಿಸುತ್ತಾರೆ. ಅದನ್ನು ‘ಆರಿಸಿದೆ’ ಎನ್ನದೆ ‘ಶಾಂತ ಮಾಡಿದೆ’ ಎನ್ನುವುದು ನಮ್ಮಲ್ಲಿ ವಾಡಿಕೆ.