ದೊಡ್ಡದಾದರೂ ಬಲಿಯದ ರಕ್ತಕಣ

1880ರಲ್ಲಿ ಜರ್ಮನಿಯ ಪೌಲ್ ಎರ್ಲಿಖ್, ಆ ಕಾಲದಲ್ಲಿ ಸಾವನ್ನೇ ತರುತ್ತಿದ್ದ ‘ಪರ್ನಿಷಿಯಸ್ ಅನೀಮಿಯಾ’ ರೋಗಿಗಳ ರಕ್ತಕ್ಕೆ ಬಣ್ಣ ಹಾಕಿ ನೋಡಿದಾಗ ಅಸಾಮಾನ್ಯ ಗಾತ್ರದ, ಕೋಶಕೇಂದ್ರ ಇನ್ನೂ ಉಳಿದಿದ್ದ ಕಣಗಳು ಕಂಡವು. ಅವಕ್ಕೆ ಆತ ಮೆಗಾಲೋಬ್ಲಾಸ್ಟ್ ಎಂದು ಹೆಸರಿಟ್ಟ. ಭ್ರೂಣದಲ್ಲಿರುವ ರಕ್ತಕಣಗಳಂತೆ ಅವು ಕಂಡದ್ದರಿಂದ, ರೋಗ ಬಂದಾಗ ಮಜ್ಜೆ ಭ್ರೂಣಾವಸ್ಥೆಗೆ ಮರಳುತ್ತದೆ ಎಂದು ಊಹಿಸಿದ. ಊಹೆ ಚೆನ್ನಾಗಿಯೇ ಇತ್ತು, ನಿಜವಾಗಿರಲಿಲ್ಲ. ಅವು ಭ್ರೂಣದ ಕಣಗಳಲ್ಲ, ವಿಭಜನೆಯಲ್ಲಿ ಹಿಂದೆ ಬಿದ್ದ ವಯಸ್ಕರ ಕಣಗಳೇ ಎಂಬುದನ್ನು ಜೀವರಸಾಯನದ ಮಟ್ಟದಲ್ಲಿ ತಿಳಿಯಲು ಸುಮಾರು ನೂರು ವರ್ಷ ಬೇಕಾಯಿತು.

ಮೊದಲು ಬಂದದ್ದು ವಿವರಣೆಯಲ್ಲ, ಔಷಧ. 1926ರಲ್ಲಿ ಬಾಸ್ಟನ್‌ನ ಜಾರ್ಜ್ ಮಿನೊ ಮತ್ತು ವಿಲಿಯಂ ಮರ್ಫಿ 45 ರೋಗಿಗಳಿಗೆ ದಿನವೂ ಯಕೃತ್ತು ತಿನ್ನಿಸಿ ಚೇತರಿಕೆ ಕಂಡರು. ಎರಡು ವರ್ಷದ ನಂತರ ಬ್ರಿಟನ್‌ನ ಲೂಸಿ ವಿಲ್ಸ್ ಬಾಂಬೆಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರೀಕ್ಷಿಸತೊಡಗಿದರು. ಈ ಹೆಂಗಸರಲ್ಲೂ ಕಣಗಳು ದೊಡ್ಡವೇ. ಆದರೆ ಪರ್ನಿಷಿಯಸ್ ಅನೀಮಿಯಾ ರೋಗಿಗಳಿಗೆ ಕೆಲಸ ಮಾಡುತ್ತಿದ್ದ ಶುದ್ಧೀಕರಿಸಿದ ಯಕೃತ್ತಿನ ಸಾರ ಇಲ್ಲಿ ನಾಟಲಿಲ್ಲ, ಅಗ್ಗದ ಯೀಸ್ಟ್ ಸಾರವಾದ ಮಾರ್ಮೈಟ್ ನಾಟಿತು. ಮಾರ್ಮೈಟ್‌ನ ಫಲಿತಾಂಶವನ್ನು ಅವರು 1931ರಲ್ಲಿ ಪ್ರಕಟಿಸಿದರು. ಎರಡನ್ನೂ ಸೇರಿಸಿ ನೋಡಿದರೆ ಅರ್ಥ ನೇರವಾಗಿತ್ತು: ಒಂದೇ ಬಗೆಯ ಕಣಕ್ಕೆ ಎರಡು ಬೇರೆ ಕೊರತೆಗಳು ಕಾರಣವಾಗಬಲ್ಲವು. ಯೀಸ್ಟ್‌ನಲ್ಲಿದ್ದದ್ದು ಫೋಲೇಟ್. ಯಕೃತ್ತಿನ ಶುದ್ಧ ಸಾರದಲ್ಲಿದ್ದದ್ದು ಬಿ12. ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿದ್ದು 1945ರಲ್ಲಿ, ಆಂಧ್ರ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಮುಂದಾಳತ್ವದ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ. ಬಿ12 ಕೆಂಪು ಹರಳುಗಳಾಗಿ ಕೈಗೆ ಸಿಕ್ಕಿದ್ದು 1948ರಲ್ಲಿ.

ಈಗ ಮಜ್ಜೆಯೊಳಗೆ ಹೋಗೋಣ. ಕೆಂಪು ರಕ್ತಕಣದ ತಾಯಿಕೋಶ ಒಂದರ ಹಿಂದೊಂದು ನಾಲ್ಕೈದು ಸಲ ವಿಭಜನೆಯಾಗುತ್ತದೆ. ಪ್ರತಿ ವಿಭಜನೆಯಲ್ಲೂ ಮರಿಕೋಶಗಳು ಸಣ್ಣದಾಗುತ್ತ ಹೋಗುತ್ತವೆ. ಅದೇ ಹೊತ್ತಿಗೆ ಕೋಶದ್ರವದಲ್ಲಿ ಹಿಮೋಗ್ಲೋಬಿನ್ ತುಂಬುತ್ತಿರುತ್ತದೆ. ಹಿಮೋಗ್ಲೋಬಿನ್ ಒಂದು ಸಾಂದ್ರತೆ ಮುಟ್ಟುವ ಹೊತ್ತಿಗೆ ವಿಭಜನೆ ನಿಲ್ಲುತ್ತದೆ, ಕೋಶಕೇಂದ್ರ ಹೊರಗೆ ಬೀಳುತ್ತದೆ. ಅಂದರೆ ಇಲ್ಲಿ ಎರಡು ಗಡಿಯಾರಗಳಿವೆ: ಒಂದು ಡಿಎನ್‌ಎಯನ್ನು ನಕಲು ಮಾಡಿ ವಿಭಜನೆ ನಡೆಸುವುದು, ಇನ್ನೊಂದು ಹಿಮೋಗ್ಲೋಬಿನ್ ತುಂಬುವುದು. ಬಿ12 ಅಥವಾ ಫೋಲೇಟ್ ಕಡಿಮೆಯಾದರೆ ಮೊದಲನೆಯದು ನಿಧಾನವಾಗುತ್ತದೆ, ಎರಡನೆಯದಕ್ಕೆ ಅದರ ಪರಿವೆಯೇ ಇರುವುದಿಲ್ಲ. ಕಲಸಿಟ್ಟ ಹಿಟ್ಟಿನಿಂದ ಹದಿನಾರು ಉಂಡೆ ಮಾಡುವ ಬದಲು ಎಂಟಕ್ಕೇ ನಿಲ್ಲಿಸಿದರೆ ಉಂಡೆ ದೊಡ್ಡದಾಗದೆ ಇನ್ನೇನು? ಸೂಕ್ಷ್ಮದರ್ಶಕದಲ್ಲಿ ಈ ಅಸಮತೋಲನವೇ ಕಣ್ಣಿಗೆ ಬೀಳುತ್ತದೆ. ಕೋಶದ್ರವ ಹಿಮೋಗ್ಲೋಬಿನ್‌ನಿಂದ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ಕೋಶಕೇಂದ್ರ ಮಾತ್ರ ಇನ್ನೂ ಸಡಿಲವಾಗಿ, ಎಳೆಯದಾಗಿ ಉಳಿದಿರುತ್ತದೆ. ಕಬ್ಬಿಣದ ಕೊರತೆಯಲ್ಲಿ ಇದರ ತಿರುಗುಮುರುಗು: ಹಿಮೋಗ್ಲೋಬಿನ್ ತಡವಾಗುವುದರಿಂದ ಕೋಶಕ್ಕೆ ಹೆಚ್ಚುವರಿ ವಿಭಜನೆಗೆ ಸಮಯ ಸಿಗುತ್ತದೆ, ಕಣ ಸಣ್ಣದಾಗುತ್ತದೆ.

ಡಿಎನ್‌ಎಯ ನಕಲು ತಡವಾಗುವುದೇಕೆ? ಡಿಎನ್‌ಎಗೆ ಬೇಕಾದ ನಾಲ್ಕು ಅಕ್ಷರಗಳಲ್ಲಿ ಥೈಮಿನ್ ಒಂದು. ಅದರ ಘಟಕವನ್ನು ಕೋಶ ತಾನೇ, ಯುರಾಸಿಲ್ ಇರುವ ಘಟಕಕ್ಕೆ ಒಂದು ಇಂಗಾಲದ ಗುಂಪು ಜೋಡಿಸಿ ಮಾಡಿಕೊಳ್ಳುತ್ತದೆ. ಆ ಗುಂಪನ್ನು ಹೊತ್ತು ತರುವುದು ಫೋಲೇಟ್‌ನ ಒಂದು ರೂಪ. ಫೋಲೇಟ್ ಇಲ್ಲದಿದ್ದರೆ ಥೈಮಿನ್ ಇಲ್ಲ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ಹಾಗಾದರೆ ಬಿ12 ಎಲ್ಲಿ ಬಂತು? ಥೈಮಿನ್ ತಯಾರಿಕೆಯಲ್ಲಿ ಅದಕ್ಕೆ ನೇರ ಪಾತ್ರವೇ ಇಲ್ಲ.

ಈ ಒಗಟಿಗೆ 1962ರಲ್ಲಿ ವಿಕ್ಟರ್ ಹರ್ಬರ್ಟ್ ಮತ್ತು ಜಲುಸ್ಕಿ ಉತ್ತರ ಕೊಟ್ಟರು. ಫೋಲೇಟ್ ತನ್ನ ಕೆಲಸದ ನಡುವೆ ‘ಮೀಥೈಲ್’ ರೂಪಕ್ಕೆ ಜಾರಿದರೆ ಹಿಂದಿರುಗಲು ದಾರಿ ಒಂದೇ. ಮೀಥಿಯೋನಿನ್ ತಯಾರಿಸುವ ಕಿಣ್ವಕ್ಕೆ ಆ ಮೀಥೈಲ್ ಗುಂಪನ್ನು ಒಪ್ಪಿಸಬೇಕು. ಆ ಕಿಣ್ವ ಬಿ12 ಇಲ್ಲದೆ ಕೆಲಸ ಮಾಡದು. ಬಿ12 ಖಾಲಿಯಾದರೆ ಫೋಲೇಟ್ ಆ ರೂಪದಲ್ಲೇ ಸಿಕ್ಕಿಕೊಳ್ಳುತ್ತದೆ. ಇದನ್ನು ‘ಮೀಥೈಲ್ ಬಲೆ’ ಎನ್ನುತ್ತಾರೆ. ಬಿ12 ಕೊರತೆಯ ರೋಗಿಯ ರಕ್ತದ್ರವದಲ್ಲಿ ಫೋಲೇಟ್ ಸಾಮಾನ್ಯ ಅಥವಾ ಹೆಚ್ಚೇ ಇದ್ದರೂ ಮಜ್ಜೆ ಹಸಿವಿನಲ್ಲಿರುವುದು ಹೀಗೆ.

ಬಲೆಗೆ ಒಳ್ಳೆಯ ಸಾಕ್ಷ್ಯ ಒದಗಿಸಿದ್ದು ಅರಿವಳಿಕೆ ಅನಿಲ ನೈಟ್ರಸ್ ಆಕ್ಸೈಡ್. ಅದು ಬಿ12ರ ಕೋಬಾಲ್ಟನ್ನು ಕೆಡಿಸಿ ಆ ಕಿಣ್ವವನ್ನೇ ನಿಷ್ಕ್ರಿಯಗೊಳಿಸುತ್ತದೆ. 1978ರಲ್ಲಿ, ಹೃದಯ ಶಸ್ತ್ರಚಿಕಿತ್ಸೆಯ ನಂತರ 24 ಗಂಟೆ ಈ ಅನಿಲ ಉಸಿರಾಡಿದವರ ಮಜ್ಜೆಯಲ್ಲಿ ಮೆಗಾಲೋಬ್ಲಾಸ್ಟ್ ಬದಲಾವಣೆ ಕಂಡಿತು. ಆಹಾರದ ಕೊರತೆಯಿಂದ ಅದು ಬರಲು ತಿಂಗಳು, ವರ್ಷಗಳೇ ಬೇಕು.

ಥೈಮಿನ್ ತಯಾರಿಸುವ ಕೋಶದ ಶಕ್ತಿಯನ್ನು ಪ್ರಯೋಗಾಲಯದಲ್ಲಿ ಅಳೆಯುವ ವಿಧಾನವೊಂದು 1964ರಲ್ಲಿ ಕಿಲ್‌ಮನ್ ಅವರಿಂದ ಬಂತು. ಮಜ್ಜೆಯ ಕೋಶಗಳಿಗೆ ಮೊದಲು ಯುರಾಸಿಲ್ ಇರುವ ಡಿಆಕ್ಸಿಯುರಿಡಿನ್ ಕೊಡುತ್ತಿದ್ದರು, ಆಮೇಲೆ ವಿಕಿರಣದ ಗುರುತು ಹಾಕಿದ ಥೈಮಿಡಿನ್. ಆರೋಗ್ಯವಂತ ಕೋಶ ಮೊದಲನೆಯದರಿಂದಲೇ ಥೈಮಿನ್ ಮಾಡಿಕೊಳ್ಳುವುದರಿಂದ ಗುರುತಿನದನ್ನು ಮಾಮೂಲಿಯ ಶೇ. 10ಕ್ಕಿಂತ ಕಡಿಮೆ ಹೀರುತ್ತದೆ. ಕೊರತೆಯ ಕೋಶಕ್ಕೆ ಆ ಶಕ್ತಿ ಇಲ್ಲ, ಗುರುತಿನದನ್ನೇ ಹೆಚ್ಚು ಹೀರುತ್ತದೆ. ನಂತರ ಕೊಳವೆಗೆ ವಿಟಮಿನ್ ಸೇರಿಸಿ ನೋಡುತ್ತಿದ್ದರು. ಬಿ12 ಹಾಕಿದಾಗ ಸರಿಹೋದರೆ ಕೊರತೆ ಬಿ12ದು. ಮೀಥೈಲ್ ಫೋಲೇಟ್ ಹಾಕಿದಾಗ ಬಿ12 ಕೊರತೆಯ ಕೋಶ ಸುಧಾರಿಸದು, ಫೋಲೇಟ್ ಕೊರತೆಯದು ಸುಧಾರಿಸುತ್ತದೆ. ಬಲೆಯ ಕಲ್ಪನೆ ಹೇಳಿದಂತೆಯೇ. ಕೆಲಸ ಹೆಚ್ಚು ಬೇಡುವ ಈ ಪರೀಕ್ಷೆ ದಿನನಿತ್ಯದ ಲ್ಯಾಬ್‌ಗಳಲ್ಲಿ ನಿಲ್ಲಲಿಲ್ಲ, ವಾದವನ್ನು ಗಟ್ಟಿಗೊಳಿಸಿತಷ್ಟೇ.

ಆದರೆ ಥೈಮಿನ್ ಕಡಿಮೆ ಎಂದಷ್ಟೇ ಹೇಳಿದರೆ ಮಜ್ಜೆಯಲ್ಲಿ ಕೋಶಗಳು ಅಷ್ಟೊಂದು ಸಾಯುವುದೇಕೆ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ರೋಗಿಯ ಮಜ್ಜೆ ಕೋಶಗಳಿಂದ ಕಿಕ್ಕಿರಿದಿರುತ್ತದೆ, ರಕ್ತದಲ್ಲಿ ಮಾತ್ರ ಕಣಗಳು ಕಡಿಮೆ. ಥೈಮಿನ್ ಸಾಲದಾದಾಗ ಯುರಾಸಿಲ್ ಘಟಕಗಳು ರಾಶಿಬಿದ್ದು ಡಿಎನ್‌ಎಯೊಳಗೆ ತಪ್ಪಾಗಿ ನುಸುಳುತ್ತವೆ. ದುರಸ್ತಿ ಕಿಣ್ವ ಅವನ್ನು ಕಿತ್ತುಹಾಕುತ್ತದೆ. ಆ ಜಾಗಕ್ಕೆ ಮತ್ತೆ ಯುರಾಸಿಲ್ಲೇ ಬರುತ್ತದೆ. ಎದುರುಬದುರು ಎಳೆಗಳಲ್ಲಿ ಹತ್ತಿರ ಹತ್ತಿರ ಹೀಗಾದರೆ ಡಿಎನ್‌ಎ ತುಂಡಾಗುತ್ತದೆ. 1997ರಲ್ಲಿ ಬ್ಲೌಂಟ್ ಮತ್ತು ಸಹೋದ್ಯೋಗಿಗಳು ಫೋಲೇಟ್ ಕೊರತೆಯವರಲ್ಲಿ ಕೋಶಕ್ಕೆ ಸುಮಾರು 40 ಲಕ್ಷ ಯುರಾಸಿಲ್‌ಗಳನ್ನು ಎಣಿಸಿದರು. ಫೋಲೇಟ್ ಕೊಟ್ಟಾಗ ಅವೂ, ಕ್ರೋಮೊಸೋಮಿನ ಮುರಿತಗಳೂ ಇಳಿದವು. 1994ರಲ್ಲೇ ಕೂರಿ ಮತ್ತು ಹಾರ್ನ್, ಫೋಲೇಟ್ ಕೊರತೆಯ ಇಲಿಯ ಎಳೆಯ ಕೋಶಗಳು ಸಾಯುವುದನ್ನು ಥೈಮಿಡಿನ್ ತಡೆಯುತ್ತದೆ ಎಂದು ತೋರಿಸಿದ್ದರು. ಮಜ್ಜೆಯಲ್ಲೇ ಸಾಯುವ ಕೋಶಗಳ ಒಡಲಿನಿಂದ ಹೊರಚೆಲ್ಲಿದ ಕಿಣ್ವದಿಂದ ರಕ್ತದ ಎಲ್‌ಡಿಎಚ್ ಏರುತ್ತದೆ, ಅವುಗಳ ಹಿಮೋಗ್ಲೋಬಿನ್ ಒಡೆಯುವುದರಿಂದ ಕಣ್ಣು ತುಸು ಹಳದಿಯಾಗುತ್ತದೆ.

ಹೆಚ್ಚು ಪ್ರಮಾಣದ ಫೋಲಿಕ್ ಆಮ್ಲ ಮೀಥೈಲ್ ಬಲೆಯಿಂದ ತಪ್ಪಿಸಿಕೊಂಡು ದಾಟುತ್ತದೆ, ಬಿ12 ಕೊರತೆಯ ರಕ್ತವನ್ನೂ ಸ್ವಲ್ಪ ಕಾಲ ಸರಿಪಡಿಸುತ್ತದೆ. ಬಿ12 ಕೊರತೆಯಿಂದ ಹಾನಿಗೊಳ್ಳುವ ನರಗಳನ್ನು ಮಾತ್ರ ಅದು ಕಾಯದು. ಆದ್ದರಿಂದ ಕಾರಣ ತಿಳಿಯದೆ ಬರೀ ಫೋಲಿಕ್ ಆಮ್ಲ ಕೊಡುವುದು ಅಪಾಯ.

ಗಾತ್ರವನ್ನೇ ನಂಬುವುದೂ ಅಷ್ಟೇ ಜಾರುಬಂಡೆ. ಸರಾಸರಿ ಕಣದ ಗಾತ್ರವಾದ ಎಂಸಿವಿ ಸಾಮಾನ್ಯವಾಗಿ 80ರಿಂದ 100 ಫೆಮ್ಟೊಲೀಟರ್. ಸಸ್ಯಾಹಾರಿ ಗರ್ಭಿಣಿಯೊಬ್ಬರ ಉದಾಹರಣೆ ಇಟ್ಟುಕೊಳ್ಳೋಣ: ಕಬ್ಬಿಣವೂ ಇಲ್ಲ, ಬಿ12 ಕೂಡ ಇಲ್ಲ. ಒಂದು ಕಣವನ್ನು ಸಣ್ಣದು ಮಾಡುತ್ತದೆ, ಇನ್ನೊಂದು ದೊಡ್ಡದು. ಎಂಸಿವಿ 88 ಬರುತ್ತದೆ, ವರದಿ ನೋಡಿದವರು ನಿರಾಳ. ಆದರೆ ಗಾತ್ರದ ವ್ಯತ್ಯಾಸ ಅಳೆಯುವ ಆರ್‌ಡಿಡಬ್ಲ್ಯೂ ಏರಿರುತ್ತದೆ, ಸ್ಲೈಡಿನಲ್ಲಿ ಬಿಳಿ ರಕ್ತಕಣಗಳ ಕೋಶಕೇಂದ್ರಗಳು ಐದಾರು ಭಾಗಗಳಾಗಿ ಒಡೆದಿರುತ್ತವೆ. ಬರೀ ಕಬ್ಬಿಣದ ಮಾತ್ರೆ ಕೊಟ್ಟರೆ ಕೆಲವು ವಾರಗಳಲ್ಲಿ ಎಂಸಿವಿ 100 ದಾಟಬಹುದು, ಮುಚ್ಚಿಕೊಂಡಿದ್ದ ಕೊರತೆ ಹೊರಬೀಳುವುದು ಆಗ.